ನಿಘಂಟಿನ ಪ್ರಕಾರ

ನಮ್ಮ ಬಡಾವಣೆಯಲ್ಲಿ ಏನೇ ಸಮಾರಂಭ ನಡೆದರೂ ಅಧ್ಯಕ್ಷರ ಕುರ್ಚಿ ನಿಘಂಟು ಮೇಷ್ಟ್ರಿಗೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಆದರೆ ಪಿಂಚಣಿ ಪುಸ್ತಕದ ಆಚೆಗೆ ಅದಕ್ಕೆ ಚಲಾವಣೆಯಿಲ್ಲ. ಮೈಕು ಕೈಗೆ ಬಂದ ಕೂಡಲೇ ಮೇಷ್ಟ್ರು ಒಮ್ಮೆ ಕೆಮ್ಮುತ್ತಾರೆ, ಕನ್ನಡಕ ಏರಿಸುತ್ತಾರೆ, "ನಿಘಂಟಿನ ಪ್ರಕಾರ..." ಎಂದು ಶುರು ಮಾಡುತ್ತಾರೆ. ಹಿಂದಿನ ಸಾಲಿನವರು ಊಟದ ಹಾಲಿನ ಕಡೆ ನಡೆಯಲು ಇದೇ ಸೂಚನೆ.

ಗಣೇಶನ ಹಬ್ಬದಲ್ಲಿ 'ಉತ್ಸವ' ಎಂದರೇನೆಂದು ಹೇಳಿದರು. ಮಕ್ಕಳ ಓಟದ ಸ್ಪರ್ಧೆಯಲ್ಲಿ 'ಸ್ಪರ್ಧೆ' ಎಂದರೇನೆಂದು ಹೇಳುವಷ್ಟರಲ್ಲಿ ಮಕ್ಕಳು ಓಡಿ ಮುಗಿಸಿದ್ದರು. ಒಂದು ಆರತಕ್ಷತೆಯಲ್ಲಿ, ಬೆಳಿಗ್ಗೆ ತಾನೇ ತಾಳಿ ಕಟ್ಟಿದ್ದ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು 'ವಿವಾಹ' ಪದದ ಅರ್ಥ ವಿವರಿಸಿದರು. ಹುಡುಗ ಗಾಬರಿಯಿಂದ ಕೇಳಿದ. ಶ್ರದ್ಧಾಂಜಲಿ ಸಭೆಯಲ್ಲಿ ಅವರು ಯಾವ ಪದ ಎತ್ತಿಕೊಂಡರೆಂದು ಹೇಳುವುದು ಬೇಡ. ಅಲ್ಲಿದ್ದ ಯಾರಿಗೂ ಆ ಪದದ ಬಗ್ಗೆ ಸಂಶಯವಿರಲಿಲ್ಲ.

ಮೇಷ್ಟ್ರು ಒಬ್ಬರೇ ಅಲ್ಲ, ಇದೊಂದು ಬಳಗ. ಸ್ಮರಣ ಸಂಚಿಕೆಯ ಸಂಪಾದಕರು, ಪ್ರಬಂಧ ಸ್ಪರ್ಧೆಯ ತೀರ್ಪುಗಾರರು, ಪಿಎಚ್.ಡಿ. ಮಾರ್ಗದರ್ಶಕರು, ಎಲ್ಲರಲ್ಲೂ ಒಬ್ಬೊಬ್ಬ ನಿಘಂಟು ಮೇಷ್ಟ್ರು ಇದ್ದಾರೆ. ಕರಡು ತಿದ್ದಿ ಹೊಟ್ಟೆ ಹೊರೆಯುವ ನನ್ನ ಮೇಜಿಗೆ ಇವರೆಲ್ಲರ ಮೊದಲ ಪ್ಯಾರಾ ಬರುತ್ತದೆ. ನಾನು ಸಾಮಾನ್ಯವಾಗಿ ಎರಡನೆಯ ಪ್ಯಾರಾದಿಂದ ಓದುತ್ತೇನೆ.

ಆದರೆ ಮೇಷ್ಟ್ರ ಕಪಾಟು ನೋಡಿದವರು ನಗಲಾರರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟೂ ಸಂಪುಟಗಳಿವೆ. ಕಿಟೆಲ್ ಇದೆ. ಬಳಸಿ ಬಳಸಿ ಬೆನ್ನು ಬಿಟ್ಟ ಸಂಕ್ಷಿಪ್ತ ನಿಘಂಟು ಇದೆ. ಓದಿದವರೇ, ಅನುಮಾನವಿಲ್ಲ. ತೊಂದರೆ ಎಂದರೆ, ಇಷ್ಟು ನಿಘಂಟುಗಳ ನಡುವೆ ಬಾಳುತ್ತಿದ್ದರೂ ಅವರ ಬಾಯಲ್ಲಿ ಅದು ಬರೀ 'ನಿಘಂಟು', ಲೋಕಕ್ಕೆಲ್ಲ ಒಂದೇ ಎಂಬಂತೆ. ಒಮ್ಮೆ ಕೇಳಿದೆ.

"ಯಾವ ನಿಘಂಟು ಮೇಷ್ಟ್ರೇ?"

"ಪರಿಷತ್ತಿಂದು. 1970."

"ಪದ ಯಾವುದು?"

"ಹಬ್ಬ."

1970ರಲ್ಲಿ ಬಂದದ್ದು ಮೊದಲ ಸಂಪುಟ, ಅದರಲ್ಲಿರುವುದು ಅಕಾರಾದಿಯ ಪದಗಳು. ಎಂಟೂ ಸಂಪುಟ ಮುಗಿದದ್ದು 1995ರಲ್ಲಿ, ಹಕಾರ ಇರುವುದು ಕೊನೆಯಲ್ಲಿ. ಮೇಷ್ಟ್ರು ಹಬ್ಬವನ್ನು ಕಾಲು ಶತಮಾನ ಮುಂಚೆಯೇ ಆಚರಿಸಿಬಿಟ್ಟಿದ್ದರು. ಕಿಟೆಲ್ಲರ ವಿಷಯದಲ್ಲೂ ಇದೇ ಕಥೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು ಕಿಟೆಲ್. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದ್ರಾಸು ವಿಶ್ವವಿದ್ಯಾಲಯ 1968ರಿಂದ ಮುಂದೆ ನಾಲ್ಕು ಸಂಪುಟಗಳಲ್ಲಿ ಹೊರತಂದದ್ದನ್ನೂ ಜನ ಕಿಟೆಲ್ ಎಂದೇ ಕರೆಯುತ್ತಾರೆ. ಭಟ್ಟರು ಸೇರಿಸಿದ್ದನ್ನು ಕಿಟೆಲ್ಲರ ತಲೆಗೆ ಕಟ್ಟಿದರೆ ಪಾಪ, ಇಬ್ಬರಿಗೂ ಅನ್ಯಾಯ.

ಪುಟಸಂಖ್ಯೆಯ ವಿಷಯದಲ್ಲಿ ಮಾತ್ರ ಮೇಷ್ಟ್ರು ಬಹಳ ಕಟ್ಟುನಿಟ್ಟು. ಅದೇ ಅಷ್ಟೇನೂ ಬೇಡದ್ದು. ಅಕಾರಾದಿಯಲ್ಲಿರುವ ಪುಸ್ತಕದಲ್ಲಿ ಪದ ಹೇಳಿದರೆ ಸಾಕು, ಓದುಗ ತಾನೇ ಹುಡುಕಿಕೊಳ್ಳುತ್ತಾನೆ, ಮರುಮುದ್ರಣದಲ್ಲಿ ಪುಟ ಹೆಚ್ಚುಕಮ್ಮಿ ಆದರೂ ಪದ ತನ್ನ ಜಾಗದಲ್ಲೇ ಇರುತ್ತದೆ. ಬೇಕಾದದ್ದು ಬೇರೆ: ಯಾವ ನಿಘಂಟು, ಯಾವ ಆವೃತ್ತಿ, ಯಾವ ಪದದ ಅಡಿ, ಅಲ್ಲಿ ಎಷ್ಟನೆಯ ಅರ್ಥ. 'ಅರಿ' ಎಂದರೆ ತಿಳಿ, 'ಅರಿ' ಎಂದರೆ ಕತ್ತರಿಸು, 'ಅರಿ' ಎಂದರೆ ಶತ್ರು. ಅರ್ಥದ ಸಂಖ್ಯೆ ಕೊಡದೆ 'ನಿಘಂಟಿನಲ್ಲಿ ಅರಿ ನೋಡಿ' ಎಂದರೆ ಓದುಗ ಕತ್ತಿ ಹಿಡಿದು ಬರಬಹುದು.

ಇದೆಲ್ಲ ಹೇಗೆ ಉಲ್ಲೇಖಿಸಬೇಕೆಂಬ ಮಾತಾಯಿತು. ಉಲ್ಲೇಖಿಸಲೇಬೇಕೆ ಎಂಬ ಮಾತು ಬಂದದ್ದು ಧಾರವಾಡದ ಹುಡುಗಿಯೊಬ್ಬಳಿಂದ. ಕಸೂತಿಯ ಮೇಲೆ ಜಾನಪದದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಭಾಷೆ ನೋಡಿಕೊಡಿ ಎಂದು ಮಹಾಪ್ರಬಂಧವನ್ನು ಮೇಷ್ಟ್ರ ಕೈಗಿತ್ತಿದ್ದಳು. ಮೊದಲ ಅಧ್ಯಾಯದಲ್ಲಿ ಜಾನಪದದ ವ್ಯಾಖ್ಯೆ ಐದಿದ್ದವು. ಮೇಷ್ಟ್ರು ಭಾಷೆ ನೋಡಿ ವಾಪಸು ಕೊಟ್ಟಾಗ ಇಪ್ಪತ್ತೊಂದಾಗಿದ್ದವು.

ಈ ಇಪ್ಪತ್ತೊಂದು ಅವರು ಹೊಸೆದದ್ದಲ್ಲ. ಮರಿಯಾ ಲೀಚ್ ಸಂಪಾದಿಸಿದ ಅಮೆರಿಕದ ಒಂದು ಜಾನಪದ ನಿಘಂಟಿದೆ, ಮೊದಲ ಸಂಪುಟ 1949ರದು. ಅದರಲ್ಲಿ 'ಫೋಕ್‌ಲೋರ್' ಎಂಬ ಪದದ ಅಡಿ ಒಂದಲ್ಲ, ಇಪ್ಪತ್ತೊಂದು ವ್ಯಾಖ್ಯೆಗಳಿವೆ. ವಿದ್ವಾಂಸರು ಒಂದೇ ವ್ಯಾಖ್ಯೆಗೆ ಒಪ್ಪದ ಕಾರಣ ಸಂಪಾದಕಿ ಎಲ್ಲರ ಕೈಲೂ ಬರೆಸಿ ಸಾಲಾಗಿ ಹಾಕಿಬಿಟ್ಟರು. ಅಲ್ಲಿಂದ ಆ ಸಾಲು ಹಡಗು ಹತ್ತಿ ಬಂದು ನಮ್ಮ ಎಷ್ಟೋ ಮಹಾಪ್ರಬಂಧಗಳ ಮೊದಲ ಅಧ್ಯಾಯದಲ್ಲಿ ಬೀಡುಬಿಟ್ಟಿದೆ. ಪ್ರತಿಯೊಂದರ ಕೊನೆಗೂ 'ನಿಘಂಟಿನ ಪ್ರಕಾರ' ಎಂದೇ ಇರುತ್ತದೆ. ನಿಘಂಟಿಗೆ ಅಲ್ಲಿ ಸ್ವಂತ ಅಭಿಪ್ರಾಯವೇ ಇರಲಿಲ್ಲ. ಮಾತು ಬರೆದವರದು, ಉಲ್ಲೇಖದಲ್ಲಿ ಮುಂದೆ ನಿಲ್ಲಬೇಕಾದದ್ದೂ ಅವರ ಹೆಸರೇ. ನಿಘಂಟು ಅವರು ಇಳಿದುಕೊಂಡ ವಿಳಾಸ, ಅಷ್ಟೇ.

ಹುಡುಗಿ ಕರಡನ್ನು ನನಗೆ ತಂದಾಗ ಒಂದು ವ್ಯಾಖ್ಯೆಯ ಹತ್ತಿರ ಕೈ ನಿಂತಿತು. ವಿಲಿಯಂ ಬಾಸ್ಕಮ್ ಎಂಬ ಮಾನವಶಾಸ್ತ್ರಜ್ಞರದು. ಅವರ ಪ್ರಕಾರ ಜಾನಪದ ಎಂದರೆ ಬಾಯಿಮಾತಿನ ಕಲೆ: ಪುರಾಣ, ಕಥೆ, ಗಾದೆ, ಒಗಟು, ಪದ್ಯ. ಕೈಯಲ್ಲಿ ಮಾಡಿದ್ದು ಆ ಹೆಸರಿನೊಳಗೆ ಬರುವುದಿಲ್ಲ.

"ನಿಮ್ಮ ವಿಷಯ ಏನಮ್ಮಾ?"

"ಕಸೂತಿ ರೀ ಸರ್."

"ಸೂಜಿ ಮಾತಾಡುತ್ತಾ?"

ಅವಳು ಮತ್ತೊಮ್ಮೆ ಓದಿಕೊಂಡಳು. "ಅಯ್ಯ, ಇದನ್ನ ಒಪ್ಪಿದರ ನನ್ನ ಪ್ರಬಂಧನs ಹೊರಗ ಹೋತಲ್ರೀ!" ಎಂದಳು.

ಹೌದು, ಹದಿನೈದನೆಯ ಪುಟದ ವ್ಯಾಖ್ಯೆ ಹದಿನಾರನೆಯ ಪುಟದಿಂದ ಮುಂದಿನ ಎಲ್ಲವನ್ನೂ ಅನರ್ಹಗೊಳಿಸಿತ್ತು. ಮಾರ್ಗದರ್ಶಕರು ಓದಿದ್ದರು, ಮೇಷ್ಟ್ರು ಓದಿದ್ದರು, ಯಾರಿಗೂ ಕಂಡಿರಲಿಲ್ಲ. ಅಲಂಕಾರಕ್ಕೆ ಇಟ್ಟ ವ್ಯಾಖ್ಯೆಯನ್ನು ಯಾರೂ ಓದುವುದಿಲ್ಲ, ಬರೆದವರೂ ಸಹ. ಆದರೆ ಬಾಸ್ಕಮ್ಮರನ್ನು ಕಿತ್ತುಹಾಕು ಎಂದು ನಾನು ಹೇಳಲಿಲ್ಲ. ಇಪ್ಪತ್ತೊಂದರಲ್ಲಿ ಉಳಿಯಲು ಯೋಗ್ಯವಾದದ್ದು ಅದೊಂದೇ, ಏಕೆಂದರೆ ಅವಳು ಜಗಳ ಆಡಬೇಕಾದದ್ದು ಅದರ ಜೊತೆಗೆ. 'ಬಾಸ್ಕಮ್ ಗೆರೆ ಇಲ್ಲಿ ಎಳೆದರು, ಕಸೂತಿ ಆಚೆ ಉಳಿಯಿತು, ನಾನು ಆ ಗೆರೆ ಒಪ್ಪುವುದಿಲ್ಲ, ಕಾರಣ ಇದು' ಎಂದು ಬರೆದರೆ ಉಲ್ಲೇಖಕ್ಕೆ ಕೆಲಸ ಸಿಕ್ಕಂತಾಯಿತು. ಉಳಿದ ಇಪ್ಪತ್ತು ಅಳಿಸಿದರೆ ಪ್ರಬಂಧದ ಒಂದು ವಾಕ್ಯವೂ ಅಲುಗುತ್ತಿರಲಿಲ್ಲ. ನನ್ನ ಪರೀಕ್ಷೆ ಇಷ್ಟೇ. ವ್ಯಾಖ್ಯೆಯನ್ನು ಬೆರಳಿನಿಂದ ಮುಚ್ಚಿ ಮುಂದಿನದನ್ನು ಓದಿ ನೋಡುತ್ತೇನೆ. ಏನೂ ಕೆಡದಿದ್ದರೆ ಬೆರಳು ಅಲ್ಲೇ ಇರಲಿ.

ಇನ್ನೊಂದು ತಮಾಷೆ ಕೇಳಿ. ಜಾನಪದ ಎಂದರೇನೆಂದು ಪರೀಕ್ಷಕರಿಗೆ ಇಪ್ಪತ್ತೊಂದು ಸಲ ಹೇಳಿದ ಪ್ರಬಂಧ, ಗಾವಂತಿ ಎಂದರೇನೆಂದು ಒಂದು ಸಲವೂ ಹೇಳಿರಲಿಲ್ಲ. ಗಾವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಮೇಲೆಯೇ ಅವಳ ಎರಡು ಅಧ್ಯಾಯ ನಿಂತಿತ್ತು. ಗಾವಂತಿ, ಮುರ್ಗಿಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ನೇಗಿ ನೇಯ್ದಂತೆ ಕಾಣುತ್ತದೆ, ಹಿಂಬದಿ ಬೇರೆ. ಮೆಂತೆ ಎಂದರೆ ಅಡ್ಡಹೊಲಿಗೆ. ಇಷ್ಟು ಗೊತ್ತಿಲ್ಲದ ಮೈಸೂರಿನ ಪರೀಕ್ಷಕರು ಆ ಎರಡು ಅಧ್ಯಾಯಗಳಲ್ಲಿ ದಾರಿ ತಪ್ಪುವುದು ಖಂಡಿತ. ಈ ಅರ್ಥಗಳನ್ನು ದೊಡ್ಡ ನಿಘಂಟಿನಲ್ಲಿ ಹುಡುಕಿದರೆ 'ಒಂದು ಬಗೆಯ ಹೊಲಿಗೆ' ಎಂಬಲ್ಲಿಗೆ ಮಾತು ನಿಂತೀತು. ಹೊಲಿಯುವ ಅಜ್ಜಿಯನ್ನು ಕೇಳಿದರೆ ಬಟ್ಟೆ ತಿರುಗಿಸಿ ತೋರಿಸುತ್ತಾಳೆ.

"ಹಂಗಾರ ಅಜ್ಜಿಯನ್ನ ಹೆಂಗ ಉಲ್ಲೇಖ ಮಾಡೂದ್ರಿ? ಆಕಿಗೆ ಪ್ರಕಾಶಕರು ಇಲ್ಲಲ್ರಿ."

ಹೆಸರು, ಊರು, ಮಾತಾಡಿದ ತಾರೀಖು, ಆಕೆಯ ಒಪ್ಪಿಗೆ. ಅಷ್ಟು ಸಾಕು ಎಂದೆ. ಅವಳು ಹೋಗಿ ಪದಕೋಶವನ್ನು ಅನುಬಂಧದಿಂದ ಎತ್ತಿ ಮುಂದಕ್ಕೆ ತಂದಳು.

ಸುದ್ದಿ ಮೇಷ್ಟ್ರಿಗೆ ಮುಟ್ಟಿತು. ಇಪ್ಪತ್ತು ವ್ಯಾಖ್ಯೆ ಕಳೆದುಕೊಂಡವರ ಮುಖ ಹೊತ್ತು ಸಂಜೆ ಮನೆಗೆ ಕರೆಸಿದರು. ಕಾಫಿ ಬಂತು, ಆಮೇಲೆ ತಟ್ಟೆಯಲ್ಲಿ ಎಲೆಅಡಿಕೆ ಬಂತು.

"ಅಲ್ಲಯ್ಯಾ, ನಿಘಂಟಿಗೆ ಬೆಲೆಯೇ ಇಲ್ಲ ಅಂತೀಯಾ? ಕೋರ್ಟಲ್ಲೂ ನಿಘಂಟು ತೆಗೀತಾರೆ."

ತೆಗೆಯುತ್ತಾರೆ, ನಿಜ. ತಟ್ಟೆಯಲ್ಲಿದ್ದ ಎಲೆಯನ್ನೇ ಹಿಡಿದುಕೊಂಡು ಅಕೋಲಾದ ಎಲೆ ವ್ಯಾಪಾರಿಗಳ ಕಥೆ ಹೇಳಿದೆ. ಮಧ್ಯಪ್ರಾಂತ್ಯ ಮತ್ತು ಬೇರಾರಿನ 1947ರ ಮಾರಾಟ ತೆರಿಗೆ ಕಾಯ್ದೆಯಲ್ಲಿ ತರಕಾರಿಗೆ ತೆರಿಗೆಯಿರಲಿಲ್ಲ. ಬೇರೆ ಸಾಲಿನಲ್ಲಿ ವೀಳ್ಯದೆಲೆಗೂ ವಿನಾಯಿತಿ ಇತ್ತು. 1948ರ ತಿದ್ದುಪಡಿ ಎಲೆಯ ಸಾಲನ್ನು ತೆಗೆದುಹಾಕಿತು. ವ್ಯಾಪಾರಿಗಳು, ಸಾಲು ಹೋದರೇನು, ಎಲೆಯೂ ತರಕಾರಿಯೇ ತಾನೆ ಎಂದು ವಾದಿಸಿದರು. ಇಂಗ್ಲಿಷ್ ನಿಘಂಟು ತೆರೆದು, ಗಿಡಬಳ್ಳಿಯಿಂದ ಬಂದದ್ದೆಲ್ಲ 'ವೆಜಿಟಬಲ್' ಎಂಬ ಪದದೊಳಗೆ ಸೇರುತ್ತದೆ ಎಂದು ತೋರಿಸಿದರು.

ಮೇಷ್ಟ್ರು ತೊಡೆ ತಟ್ಟಿದರು. "ಗೆದ್ದರು ತಾನೆ?"

"ಸೋತರು. 1961ರಲ್ಲಿ, ಸುಪ್ರೀಂ ಕೋರ್ಟಿನಲ್ಲಿ."

ಕಾಯ್ದೆ ಆ ಪದಕ್ಕೆ ತಾನೇ ವ್ಯಾಖ್ಯೆ ಕೊಟ್ಟಿರಲಿಲ್ಲ. ಕೊಡದಿದ್ದಾಗ ದಿನಬಳಕೆಯ ಪದವನ್ನು ಸಸ್ಯಶಾಸ್ತ್ರಜ್ಞನ ಅರ್ಥದಲ್ಲಲ್ಲ, ಜನ ಆಡುವ ಅರ್ಥದಲ್ಲಿ ತೆಗೆದುಕೊಳ್ಳಬೇಕು ಎಂದಿತು ನ್ಯಾಯಾಲಯ. ಎಲೆ ಮೊದಲೇ ತರಕಾರಿಯಾಗಿದ್ದರೆ ಅದಕ್ಕೊಂದು ಬೇರೆ ಸಾಲು ಏಕೆ ಬೇಕಿತ್ತು ಎಂಬ ಪ್ರಶ್ನೆಯೂ ಇತ್ತು. ನಿಘಂಟು ಸುಳ್ಳು ಹೇಳಿರಲಿಲ್ಲ. ಒಂದು ಪದಕ್ಕೆ ಎಲ್ಲೆಲ್ಲಿ ಯಾವ ಯಾವ ಅರ್ಥ ಸಂದಿದೆಯೋ ಅದನ್ನೆಲ್ಲ ಕೂಡಿಡುವುದು ಅದರ ಕೆಲಸ. ಅಕೋಲಾದ ತೆರಿಗೆ ಅಧಿಕಾರಿಗೆ ಅದರಲ್ಲಿ ಯಾವುದು ಅನ್ವಯಿಸುತ್ತದೆಂದು ಅದು ಹೇಳಲಾರದು. ಮೇಷ್ಟ್ರಿಗೆ ಒಂದು ವಿಷಯ ಮಾತ್ರ ಒಪ್ಪಿಕೊಂಡೆ: ವ್ಯಾಪಾರಿಗಳು ವ್ಯಾಖ್ಯೆ ಉಲ್ಲೇಖಿಸಿದ್ದು ಸರಿಯಾಗಿಯೇ ಇತ್ತು, ಏಕೆಂದರೆ ಪದದ ಅರ್ಥ ಇತ್ತ ಬಿದ್ದರೆ ತೆರಿಗೆ ಇಲ್ಲ, ಅತ್ತ ಬಿದ್ದರೆ ಇದೆ. ಉತ್ಸವದ ಅರ್ಥ ಎತ್ತ ಬಿದ್ದರೂ ಗಣೇಶನಿಗೆ ಕಡುಬು ತಪ್ಪುವುದಿಲ್ಲ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಜನ ಆಡೋ ಅರ್ಥ ಅಂತೀಯಲ್ಲ, ಅದಕ್ಕೆ ಆಧಾರ ಏನು? ಎಲ್ಲಿ ಅಚ್ಚಾಗಿದೆ?" ಎಂದರು.

ಒಳಗಿನಿಂದ ಅವರ ಮನೆಯವರು ಹೇಳಿದರು: "ಅದಕ್ಕೆ ಅಚ್ಚು ಯಾಕೆ ಬೇಕ್ರೀ? ತರಕಾರಿ ತನ್ನಿ ಅಂತ ನಿಮ್ಮನ್ನ ಕಳಿಸಿದಾಗ ಯಾವತ್ತಾದರೂ ವೀಳ್ಯದೆಲೆ ತಂದಿದ್ದೀರಾ? ಅದು ಸಿಗೋದು ಹೂವಿನವರ ಹತ್ತಿರ."

ಮೇಷ್ಟ್ರು ಚಕ್ಕನೆ ಜೇಬಿನಿಂದ ಪೆನ್ನು ತೆಗೆದು, ಮೇಜಿನ ಮೇಲಿದ್ದ ಮದುವೆ ಕರೆಯೋಲೆಯ ಹಿಂಬದಿಯಲ್ಲಿ ಬರೆದುಕೊಂಡರು. ಹೆಂಡತಿಯ ಹೆಸರು, ಊರು. ಆಮೇಲೆ ತಲೆಯೆತ್ತಿ, "ಇವತ್ತು ತಾರೀಖು ಎಷ್ಟೇ?" ಎಂದು ಕೂಗಿದರು.

"ಯಾಕೆ?"

"ಭಾನುವಾರದ ಭಾಷಣಕ್ಕೆ."