ಗ್ರಿಲ್ಲಿಗೆ ಉಗುರು ಹಾಕಿ ಕಾಣಿ

ಯಾವ ಮನೆಯಲ್ಲಿ ಯಾವ ಎಣ್ಣೆಯಲ್ಲಿ ಕರಿಯುತ್ತಾರೆಂದು ತಿಳಿಯಲು ಅಡುಗೆಮನೆಯೊಳಗೆ ಇಣುಕಬೇಕಾಗಿಲ್ಲ, ಕಿಟಕಿಯ ಗ್ರಿಲ್ಲಿಗೆ ಉಗುರು ಹಾಕಿದರೆ ಸಾಕು. ಪಾಗಾರದ ಈಚೆಯಿಂದ ನಾನು ಹೀಗೆಂದಾಗ ಆಚೆಮನೆ ಅಕ್ಕ ನಕ್ಕರು. ನಗುವ ಪರಿಸ್ಥಿತಿಯಲ್ಲಿ ಅವರಿರಲಿಲ್ಲ. ಒಂದು ಕೈಯಲ್ಲಿ ತೆಂಗಿನ ನಾರು, ಇನ್ನೊಂದರಲ್ಲಿ ಬಿಸಿನೀರಿನ ಚೊಂಬು.

"ಉಜ್ಜಿ ಉಜ್ಜಿ ಕೈ ಸೋತ್ ಹೋಯ್ತ್ ಮಾರಾಯ್ತಿ. ಒಲೆ ಬದಿ ಕಿಟಕಿದ್ ಎಲ್ಲ ಹೋಯ್ತ್. ಈ ಗ್ಯಾಸಿನ್ ಬದಿದ್ ಎಂತ ಮಾಡ್ರೂ ಹೋತಿಲ್ಲ. ಎರಡೂ ಎಣ್ಣೆಯೇ ಅಲ್ದಾ?"

ಎರಡೂ ಎಣ್ಣೆಯೇ, ಆದರೆ ಒಂದೇ ಎಣ್ಣೆಯಲ್ಲ. ಅಕ್ಕನ ಮನೆಯಲ್ಲಿ ಒಲೆಯ ಮೇಲೆ ಆಗುವುದು ಸಾರು, ಪಲ್ಯ, ಅದಕ್ಕೆ ತೆಂಗಿನೆಣ್ಣೆಯ ಒಗ್ಗರಣೆ. ಗ್ಯಾಸಿನ ಮೇಲೆ ಬಂಗ್ಡೆ ಫ್ರೈ, ಹಬ್ಬ ಬಂದರೆ ಸುಕ್ಕಿನುಂಡೆ, ಅದಕ್ಕೆಲ್ಲ ಅಂಗಡಿಯ ಸೂರ್ಯಕಾಂತಿ ಎಣ್ಣೆ. ಬಾಣಲೆಯಿಂದ ಮೇಲೇಳುವ ಸಣ್ಣ ಹನಿಗಳು ಗಾಳಿ ಹೋಗುವ ದಾರಿಯಲ್ಲೇ ಹೋಗಿ ಮೊದಲು ಸಿಕ್ಕಿದ ತಣ್ಣನೆಯ ಕಬ್ಬಿಣಕ್ಕೆ ಅಂಟುತ್ತವೆ. ಆಮೇಲೆ ಅದರ ಮೇಲೆ ಬಚ್ಚಲೊಲೆಯ ಮಸಿ ಕೂರುತ್ತದೆ, ಜನವರಿಯಿಂದ ಮೇವರೆಗೆ ನಮ್ಮ ಕೆರಾಡಿಯ ಕೆಂಪು ಧೂಳು ಕೂರುತ್ತದೆ. ಅಲ್ಲಿಯವರೆಗೆ ಎರಡೂ ಕಿಟಕಿಗಳ ಕಥೆ ಒಂದೇ.

ವ್ಯತ್ಯಾಸ ಆಮೇಲಿನದು. ತೆಂಗಿನೆಣ್ಣೆ ಗಾಳಿಗೆ ಒಣಗುವ ಜಾತಿಯದಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಬಿಸಿಯಾದರೆ ಮತ್ತೆ ಕರಗುತ್ತದೆ. ಡಿಸೆಂಬರ್ ಬೆಳಿಗ್ಗೆ ಬಾಟ್ಲಿಯಲ್ಲಿ ಆಗುವುದೇ ಗ್ರಿಲ್ಲಿನ ಮೇಲೂ ಆಗುವುದು. ಸೂರ್ಯಕಾಂತಿ ಎಣ್ಣೆ ಹಾಗಲ್ಲ. ತೆಳುವಾಗಿ ಹರಡಿ, ಗಾಳಿ ಮತ್ತು ಒಲೆಯ ಕಾವು ತಾಗುತ್ತಾ ಹೋದರೆ ಅದು ಒಳಗೊಳಗೇ ಹೆಣೆದುಕೊಂಡು ಅಂಟಾಗುತ್ತದೆ, ಕೊನೆಗೆ ಒಣಗಿದ ಪದರವೇ ಆಗುತ್ತದೆ. ಮರಕ್ಕೆ ಹಚ್ಚುವ ಅಗಸೆ ಎಣ್ಣೆ ಒಣಗುವುದೂ ಇದೇ ಗುಣದಿಂದ. ಹಾಗೆ ಒಣಗಿದ್ದನ್ನು ಬಿಸಿನೀರು ಮತ್ತೆ ಎಣ್ಣೆ ಮಾಡಲಾರದು.

"ಹಾಂಗಾರೆ ಉಗ್ರ್ ಹಾಕಿ ಎಂತ ಕಾಂಬುದ್?"

ಒಲೆ ಬದಿಯ ಮೇಲಿನ ಮೂಲೆಯಲ್ಲಿ ನಾರು ತಾಗದ ಸ್ವಲ್ಪ ಜಾಗ ಉಳಿದಿತ್ತು. ಉಗುರು ಹಾಕಿದರೆ ಬೂದು ಬಣ್ಣದ ಮೇಣ ಪುಡಿಪುಡಿಯಾಗಿ ಎದ್ದು ಬಂತು. ಗ್ಯಾಸಿನ ಬದಿಯಲ್ಲಿ ಉಗುರು ಜಾರಿತು. ಎದ್ದದ್ದು ಕಂದು ಬಣ್ಣದ ಎಳೆ, ಬೆರಳಿಗೆ ಹಲಸಿನ ಮೇಣದ ಹಾಗೆ ಹಿಡಿದುಕೊಂಡಿತು. ಮೊದಲನೆಯದಕ್ಕೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು ಸಾಕು. ಎರಡನೆಯದಕ್ಕೆ ಕ್ಷಾರ ಬೇಕು.

ಅಕ್ಕನ ಸೊಸೆ ಮೊಬೈಲಿನಲ್ಲಿ ನೋಡಿ ವಿನೆಗರಿಗೆ ಅಡುಗೆ ಸೋಡಾ ಬೆರೆಸಿ ಹಾಕಿದ್ದಳಂತೆ. ಬುಸ್ಸೆಂದು ನೊರೆ ಬಂತಂತೆ, ಜಿಡ್ಡು ಇದ್ದಲ್ಲೇ ಇತ್ತಂತೆ. ಇರದೆ ಏನು? ಹುಳಿಯೂ ಸೋಡಾವೂ ಒಂದನ್ನೊಂದು ಕೊಂದುಕೊಂಡ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ನೊರೆ ನೋಡಲು ಚಂದ ಅಷ್ಟೆ. ನಲ್ಲಿಯ ಬಿಳಿ ಕಲೆಗೆ ಹುಳಿ ಸರಿ, ಎಣ್ಣೆಗೆ ಅಲ್ಲ.

ಬೇಕಾದದ್ದು ಬಟ್ಟೆ ಒಗೆಯುವ ವಾಷಿಂಗ್ ಸೋಡಾ. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ, ಜೊತೆಗೆ ಸೋಪಿನ ನಾಲ್ಕು ಹನಿ. ಅದಕ್ಕೂ ಮೊದಲು ಒಣ ಬ್ರಷ್ಷಿನಲ್ಲಿ ಧೂಳು ಕೆಡವಬೇಕು, ಇಲ್ಲವಾದರೆ ಕೆಂಪು ಮಣ್ಣು ನೀರಿಗೆ ಕೆಸರಾಗಿ ಮೂಲೆ ಮೂಲೆಗೆ ನುಗ್ಗುತ್ತದೆ. ಜನ ಸೋಡಾ ನೀರನ್ನು ಮಗ್ಗಿನಲ್ಲಿ ಎರಚುತ್ತಾರೆ. ನೆಟ್ಟಗೆ ನಿಂತ ಕಂಬಿಯ ಮೇಲೆ ಅದು ನಿಲ್ಲುವುದು ಒಂದು ಕ್ಷಣ. ಜಿಡ್ಡು ಸಡಿಲಾಗಲು ಹೊತ್ತು ಬೇಕು. ಅದಕ್ಕೇ ಹಳೆಯ ಪಂಚೆಯನ್ನು ಪಟ್ಟಿ ಹರಿದು, ಸೋಡಾ ನೀರಿನಲ್ಲಿ ಅದ್ದಿ ಕಂಬಿಗೆ ಸುತ್ತಿಬಿಡುವುದು. ಕೈಗೆ ಗವಸೋ ಪ್ಲಾಸ್ಟಿಕ್ ಕೊಟ್ಟೆಯೋ ಇರಲಿ. ಹದಿನೈದು ನಿಮಿಷ ಬಿಟ್ಟು ಅದೇ ಪಟ್ಟಿಯಿಂದ ಹಿಂಡಿ ಎಳೆದರೆ ಕಂದು ನೀರು ಇಳಿಯುತ್ತದೆ. ಮೂಲೆಗೆ ಹಳೆಯ ಹಲ್ಲುಜ್ಜುವ ಬ್ರಷ್. ದಪ್ಪ ಪದರವಿದ್ದರೆ ಇನ್ನೊಂದು ಸುತ್ತು.

"ರಾತ್ರಿಯಿಡೀ ಸುತ್ತಿ ಇಟ್ರೆ ಬೆಳಿಗ್ಗೆ ಉಜ್ಜೂದೇ ಬ್ಯಾಡ ಅಲ್ದಾ?"

ಬೆಳಿಗ್ಗೆ ಬಣ್ಣವೂ ಇರುವುದಿಲ್ಲ. ಗ್ರಿಲ್ಲಿಗೆ ಬಳಿಯುವ ಆಯಿಲ್ ಪೇಂಟಿನ ಒಳಗಿರುವುದೂ ಒಣಗುವ ಜಾತಿಯ ಎಣ್ಣೆಯೇ. ಯಾವುದು ಬಂಗ್ಡೆಯ ಎಣ್ಣೆ, ಯಾವುದು ಪೇಂಟಿನ ಎಣ್ಣೆ ಎಂದು ಸೋಡಾ ವಿಚಾರಿಸುವುದಿಲ್ಲ. ಒರೆಸುವ ಬಟ್ಟೆಗೆ ಪೇಂಟಿನ ಬಣ್ಣ ಹತ್ತತೊಡಗಿತೆಂದರೆ ಅಲ್ಲಿಗೆ ನಿಲ್ಲಿಸಿ ತಣ್ಣೀರಿನಲ್ಲಿ ಒರೆಸಬೇಕು. ಸೋಡಾ ಇಳಿದು ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯ ಪಟ್ಟಿಗೆ ತಾಗಿದರೆ ಅದು ಮಂಕಾಗಿ ಕಪ್ಪು ಹಿಡಿಯುತ್ತದೆ, ಮತ್ತೆ ಹೊಳಪು ಬರುವುದಿಲ್ಲ. ಕೆಳಗೊಂದು ದಪ್ಪ ಬಟ್ಟೆ ಹಾಸಿಕೊಳ್ಳುವುದು ಅದಕ್ಕೇ.

ಸೋಡಾ ತರಲು ಪೇಟೆಗೆ ಓಡಬೇಕೆಂದೂ ಇಲ್ಲ. ಅಕ್ಕನ ಬಚ್ಚಲೊಲೆಗೆ ಬೀಳುವುದು ತೆಂಗಿನ ಸಿಪ್ಪೆ. ಅದರ ಬೂದಿಯಲ್ಲಿ ಪೊಟ್ಯಾಶ್ ಧಾರಾಳ. ಮಣ್ಣಿಲ್ಲದ ಬೂದಿ ಎರಡು ಮುಷ್ಟಿ, ಒಂದು ಲೀಟರ್ ಬಿಸಿನೀರು, ರಾತ್ರಿಯಿಡೀ ಬಿಟ್ಟು, ಬೂದಿ ತಳ ಸೇರಿದ ಮೇಲೆ ಮೇಲಿನ ತಿಳಿ ನೀರನ್ನು ಬಟ್ಟೆಯಲ್ಲಿ ಸೋಸಿ. ಎರಡು ಬೆರಳ ನಡುವೆ ಜಾರಿದರೆ ಕ್ಷಾರ ಇಳಿದಿದೆ ಎಂದರ್ಥ. ಕೂಡಲೇ ಕೈ ತೊಳೆದುಕೊಳ್ಳಿ. ಬೂದಿಯನ್ನೇ ಹಾಕಿ ತಿಕ್ಕಿದರೆ ಮಾತ್ರ ಪೇಂಟಿಗೆ ಗೀರು ಬೀಳುತ್ತದೆ. ಆ ಗೀರಿಗೆ ಮಳೆಗಾಲದ ತೇವ ನುಗ್ಗಿ ತುಕ್ಕು. ನಮ್ಮಲ್ಲಿ ಗ್ರಿಲ್ ಹಾಳಾಗುವುದು ಮೇಲಿಂದಲ್ಲ, ಕೆಳಗಿನ ಅಡ್ಡಪಟ್ಟಿಗೆ ಕಂಬಿ ಬೆಸೆದಲ್ಲಿ, ನೀರು ನಿಲ್ಲುವ ಜಾಗದಲ್ಲಿ. ಅಲ್ಲಿ ಪೇಂಟ್ ಉಬ್ಬಿದ್ದರೆ ಒಳಗೆ ತುಕ್ಕು ಇದೆಯೆಂದೇ ಲೆಕ್ಕ. ಕೆರೆದು, ಮರಳುಕಾಗದ ಹಾಕಿ, ರೆಡಾಕ್ಸೈಡ್ ಬಳಿದು ಪೇಂಟ್ ಹಚ್ಚುವುದನ್ನು ಮೇ ತಿಂಗಳೊಳಗೆ ಮುಗಿಸಬೇಕು. ಜಿಡ್ಡು ತೆಗೆಯದೆ ಹಚ್ಚಿದ ಪೇಂಟ್ ಹಾಳೆಯ ಹಾಗೆ ಏಳುತ್ತದೆ.

ಇಷ್ಟಾದ ಮೇಲೆ ಅಕ್ಕ ನಿಜವಾದ ಸಂಕಟಕ್ಕೆ ಬಂದರು. "ಮಗ ಬೆಂಗ್ಳೂರಿಂದ ಸುರುಳಿ ಪರದೆ ತಂದ್ ಹಾಕಿದ್ದ. ಅದನ್ನೂ ಸೋಡಾದಗೆ ಅದ್ದಿ ಬಿಡ್ಲಾ?"

ಅಯ್ಯೋ ಬೇಡ. ಬೆಳಕು ತಡೆಯುವ ರೋಲರ್ ಪರದೆಗೆ ಹಿಂದುಗಡೆ ಒಂದು ಲೇಪ ಇರುತ್ತದೆ, ಬಟ್ಟೆ ನೆಟ್ಟಗೆ ನಿಲ್ಲಲು ಗಂಜಿಯಂಥದ್ದೂ ಇರುತ್ತದೆ. ನೆನೆಸಿದರೆ ಲೇಪ ಬಿರಿಯುತ್ತದೆ, ಅಂಚು ಸುರುಟುತ್ತದೆ, ಆಮೇಲೆ ಕೊಳವೆಗೆ ಓರೆಯಾಗಿ ಸುತ್ತಿಕೊಳ್ಳುತ್ತದೆ. ಪೂರ್ತಿ ಕೆಳಗೆ ಎಳೆದು ಮೆತ್ತಗಿನ ಒಣ ಬ್ರಷ್ಷಿನಲ್ಲಿ ಮೇಲಿಂದ ಕೆಳಗೆ ಗುಡಿಸಬೇಕು. ಜಿಡ್ಡಿದ್ದಲ್ಲಿ ಸೋಪುನೀರಿನ ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಒತ್ತಿ ಒತ್ತಿ ತೆಗೆಯಬೇಕು, ತಿಕ್ಕಬಾರದು. ಒಣಗುವವರೆಗೆ ಸುತ್ತಲೂಬಾರದು, ಮಳೆಗಾಲದಲ್ಲಿ ಅದು ಒಂದು ದಿನದಲ್ಲಿ ಆಗದಿರಲೂಬಹುದು. ಹಸಿಯಾಗಿ ಸುತ್ತಿದ ಪರದೆಯಲ್ಲಿ ಎದ್ದ ಕಪ್ಪು ಬೂಸಲಿನ ಚುಕ್ಕೆ ಹೋಗುವುದು ಕಷ್ಟ. ನನ್ನನ್ನು ಕೇಳಿದರೆ ಅಡುಗೆಮನೆಗೆ ಆ ವಸ್ತುವೇ ಸಲ್ಲ, ಚಾವಡಿಗೆ ವರ್ಗ ಮಾಡುವುದು ಒಳ್ಳೆಯದು.

ಅಡುಗೆಮನೆಗೆ ಹತ್ತಿಯ ಅರ್ಧಪರದೆ ಸಾಕು. ಪಾಲಿಯೆಸ್ಟರ್ ಎಣ್ಣೆಯನ್ನು ಹಿಡಿದರೆ ಬಿಡುವುದಿಲ್ಲ, ಹತ್ತಿ ಬಿಸಿನೀರು ತಾಳುತ್ತದೆ, ಜಿಡ್ಡು ಬಿಡುತ್ತದೆ. ಒಗೆಯುವಾಗ ಮೊದಲು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ ಮಣ್ಣು ಬಿಡಿಸಿಕೊಂಡು, ಆಮೇಲೆ ಬಿಸಿನೀರು, ಸೋಪು.

"ಹಳೆ ಹತ್ತಿ ಸೀರೆ ಒಂದ್ ಇತ್ತ್," ಎಂದರು ಅಕ್ಕ. "ಎರಡ್ ಜೊತೆ ಮಾಡ್ರೆ ಒಂದ್ ಒಗುಕೆ, ಒಂದ್ ಕಟ್ಟುಕೆ. ಬಿಳಿ ಸೀರೆ, ಅಡ್ಡಿಲ್ಯಾ?"

"ಬಿಳಿಯೇ ಒಳ್ಳೆದ್ ಅಕ್ಕಾ, ಒಗುಕೆ ಆಯ್ತ್ ಅಂದೇಳಿ ಅದೇ ಹೇಳತ್ತ್."

"ಅದನ್ ಹೇಳುಕೆ ನಮ್ಮನಿ ಅತ್ತಿ ಇದ್ರಲೆ," ಎಂದು ಅಕ್ಕ ಚೊಂಬೆತ್ತಿಕೊಂಡು ಪಂಚೆ ಹುಡುಕಲು ಒಳಗೆ ಹೋದರು.