ರಾಹುಕಾಲ, ಈಸ್ಟರ್ನ್ ಟೈಮ್ ಮತ್ತು ಒಂದು ಕ್ಷಮಾಪಣೆ

ನನ್ನ ತಲೆಮಾರಿನವರು ತಪ್ಪೊಪ್ಪಿಕೊಳ್ಳುವ ಬರವಣಿಗೆ ಕಲಿತದ್ದು ಶಾಲೆಯ ರಜಾ ಚೀಟಿಯಿಂದ. ಮಾನ್ಯರೇ ಎಂದು ಶುರುಮಾಡಿ, ಜ್ವರ ಬಂದಿತ್ತೆಂದು ಬರೆದು, ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ ಎಂದು ಮುಗಿಸುವುದು. ಜ್ವರ ಬಂದಿರಬೇಕಾದ ಅಗತ್ಯವೇನೂ ಇರಲಿಲ್ಲ. ಮೇಷ್ಟ್ರಿಗೂ ಅದು ಗೊತ್ತಿತ್ತು. ಈ ವಿದ್ಯೆಯನ್ನು ನಂಬಿಕೊಂಡೇ ನಾನು 2025ರ ಮಾರ್ಚ್‌ನಲ್ಲಿ ಬಾಸ್ಟನ್ನಿನ ಒಬ್ಬ ಹೆಣ್ಣುಮಗಳಿಗೆ ಇ-ಮೇಲ್ ಬರೆಯಲು ಕೂತೆ.

ವಿಷಯ ಇಷ್ಟೇ. ಅಮೆರಿಕದ ಡಾಕ್ಟರುಗಳು ರೋಗಿಯ ಬಗ್ಗೆ ಬಾಯಲ್ಲಿ ಹೇಳಿದ್ದನ್ನು ಯಾರೋ ಟೈಪ್ ಮಾಡುತ್ತಾರೆ, ಅದನ್ನು ಇನ್ನೊಬ್ಬರು ಮತ್ತೆ ಕೇಳಿ ತಿದ್ದುತ್ತಾರೆ. ಆ ಇನ್ನೊಬ್ಬಳು ನಾನು. ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂದರೆ ಮೈಸೂರಿನ ಅರ್ಧ ಊರಿಗೆ ಅರ್ಥವಾಗುತ್ತದೆ. ಡಾಕ್ಟರು ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡು ಹೇಳಿದ್ದು ‘ಫಿಫ್ಟೀನ್’ ಮಿಲಿಗ್ರಾಮೋ ‘ಫಿಫ್ಟಿ’ ಮಿಲಿಗ್ರಾಮೋ ಎಂದು ಪತ್ತೆ ಮಾಡುವುದರಲ್ಲಿ ನನ್ನ ಕಿವಿಗೆ ಒಳ್ಳೆಯ ಹೆಸರಿದೆ. ಮಗಳು ಪಿಯುಸಿ ಮುಗಿಸುವವರೆಗೆ ಬಿಟ್ಟಿದ್ದ ಈ ಕೆಲಸಕ್ಕೆ ಮತ್ತೆ ಅರ್ಜಿ ಹಾಕಿದ್ದೆ. ಮನೆಯಿಂದಲೇ ಮಾಡುವಂಥದ್ದು. ಫೆಬ್ರವರಿ ಕೊನೆಯಲ್ಲಿ ಉತ್ತರ ಬಂತು: 2025ರ ಮಾರ್ಚ್ 10, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ, ಈಸ್ಟರ್ನ್ ಟೈಮ್, ವಿಡಿಯೊ ಕರೆ.

ಬಾಸ್ಟನ್ನಿಗೂ ನಮಗೂ ಹತ್ತೂವರೆ ಗಂಟೆ ವ್ಯತ್ಯಾಸ. ಆ ದಿನ ಅದು ಸರಿಯಾಗಿಯೇ ಇತ್ತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ‘ರಾತ್ರಿ 8.30 ಇಂಟರ್ವ್ಯೂ’ ಎಂದು ಕೆಂಪು ಪೆನ್ನಿನಲ್ಲಿ ಬರೆದೆ. ಅತ್ತೆ ಕನ್ನಡಕ ಏರಿಸಿ ನೋಡಿ, “ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ ಅಲ್ವೇನೇ?” ಎಂದರು. “ಅದು ಬೆಳಿಗ್ಗೆ ಅತ್ತೆ, ಇದು ರಾತ್ರಿ” ಎಂದೆ. “ಅವರಿಗೆ ಬೆಳಿಗ್ಗೆ ತಾನೇ?” ಎಂದರು. ಅವರಿಗೆ ಹತ್ತು ಗಂಟೆ, ರಾಹು ಆಗಲೇ ಎದ್ದು ಹೋಗಿರುತ್ತಾನೆ ಎಂದು ನಕ್ಕು ಸುಮ್ಮನಾದೆ.

ನಗಬಾರದಿತ್ತು. ಅಮೆರಿಕದವರು ಮಾರ್ಚ್ ತಿಂಗಳ ಎರಡನೇ ಭಾನುವಾರ ನಡುರಾತ್ರಿ ಕಳೆದು ಎರಡು ಗಂಟೆಗೆ ಗಡಿಯಾರವನ್ನು ಮೂರಕ್ಕೆ ತಳ್ಳುತ್ತಾರೆ, ನವೆಂಬರ್ ಮೊದಲ ಭಾನುವಾರ ವಾಪಸ್ಸು ಎಳೆಯುತ್ತಾರೆ. 2007ರಿಂದ ಈ ಭಾನುವಾರಗಳೇ ನಡೆದುಕೊಂಡು ಬಂದಿವೆ. 2025ರಲ್ಲಿ ಎರಡನೇ ಭಾನುವಾರ ಬಂದದ್ದು ಮಾರ್ಚ್ 9ಕ್ಕೆ, ಅಂದರೆ ನನ್ನ ಸಂದರ್ಶನದ ಹಿಂದಿನ ದಿನ. ನಾವು ಗಡಿಯಾರ ಮುಟ್ಟುವವರಲ್ಲವಾದ್ದರಿಂದ ಹತ್ತೂವರೆ ಗಂಟೆಯ ಅಂತರ ರಾತ್ರೋರಾತ್ರಿ ಒಂಬತ್ತೂವರೆ ಆಯಿತು. ಅವರ ಬೆಳಗಿನ ಹತ್ತು ನಮ್ಮ ಸಂಜೆ ಏಳೂವರೆಗೆ ಬಂದು ಕೂತಿತು. ಆಮೇಲೆ ಹೊಟ್ಟೆಯುರಿಗೆ ಇನ್ನೊಂದು ಲೆಕ್ಕವನ್ನೂ ಹಾಕಿದೆ. ರಾಹುಕಾಲವನ್ನು ಹಿಡಿಯಬೇಕಾದದ್ದು ಸೂರ್ಯೋದಯದಿಂದ: ಹಗಲನ್ನು ಎಂಟು ಪಾಲು ಮಾಡಿದರೆ ಸೋಮವಾರದ ಎರಡನೇ ಪಾಲು. ಬಾಸ್ಟನ್ನಿನಲ್ಲಿ ಅಂದು ಹೊಸ ಗಡಿಯಾರದ ಪ್ರಕಾರ ಸೂರ್ಯ ಹುಟ್ಟಿದ್ದು ಏಳರ ಸುಮಾರಿಗೆ. ಎರಡನೇ ಪಾಲು ಎಂಟೂವರೆಯಿಂದ ಹೆಚ್ಚುಕಡಿಮೆ ಹತ್ತರವರೆಗೆ. ಅವರು ಗಡಿಯಾರ ತಳ್ಳಿದಾಗ ರಾಹುವನ್ನೂ ಜೊತೆಗೆ ತಳ್ಳಿಕೊಂಡು ಬಂದು ನನ್ನ ಸಂದರ್ಶನದ ಬಾಗಿಲಲ್ಲೇ ನಿಲ್ಲಿಸಿದ್ದರು. ಇದನ್ನು ಅತ್ತೆಗೆ ಇವತ್ತಿನವರೆಗೂ ಹೇಳಿಲ್ಲ.

ಕ್ಯಾಲೆಂಡರ್ ಇನ್ವೈಟ್ ಕಳಿಸಿರಲಿಲ್ಲವೇ ಎಂದು ಕೇಳುತ್ತೀರಿ. ಕಳಿಸಿದ್ದರು. ಅದು ಫೋನಿನಲ್ಲಿ ತನ್ನಷ್ಟಕ್ಕೆ ತಾನೇ ಏಳೂವರೆ ಎಂದು ಸರಿಯಾಗಿ ತೋರಿಸುತ್ತಲೂ ಇತ್ತು, ಹತ್ತು ನಿಮಿಷ ಮುಂಚೆ ಮಿನುಗಿಯೂ ಇತ್ತು. ನಾನು ಮಾತ್ರ ಸಂದರ್ಶನಕ್ಕೆ ಅಡ್ಡಿಯಾಗಬಾರದೆಂದು ಫೋನನ್ನು ಸಂಜೆಯೇ ಸೈಲೆಂಟ್ ಮಾಡಿ ಬೀರುವಿನೊಳಗೆ ಇಟ್ಟಿದ್ದೆ. ಏಳೂವರೆಗೆ, ಅತ್ತ ಇಬ್ಬರು ಕ್ಯಾಮೆರಾ ಮುಂದೆ ನನಗಾಗಿ ಕಾಯುತ್ತಿದ್ದಾಗ, ನಾನು ಇತ್ತ ರೇಷ್ಮೆ ಸೀರೆಯೋ ಕಾಟನ್ ಸೀರೆಯೋ ಎಂದು ಕನ್ನಡಿ ಮುಂದೆ ಯೋಚಿಸುತ್ತಿದ್ದೆ. ಎಂಟು ಇಪ್ಪತ್ತಕ್ಕೆ ಲಾಗಿನ್ ಆದೆ. ಒಳಗೆ ಬಿಡುವವರೆಗೆ ಕಾಯಿರಿ ಎಂದಿತು ಪರದೆ. ಬೆನ್ನು ನೆಟ್ಟಗೆ ಮಾಡಿ, ತುಟಿಯ ಮೇಲೆ ನಗು ಇಟ್ಟುಕೊಂಡು ಕಾದೆ. ಆ ನಗು ಸುಸ್ತಾಗಿ ಜಾರಿದ ಮೇಲೆ ಇನ್‌ಬಾಕ್ಸ್ ತೆರೆದು ನೋಡಿದರೆ 7.46ಕ್ಕೆ ಬಂದ ಮೇಲ್: ಹದಿನೈದು ನಿಮಿಷ ಕಾದೆವು, ನೀವು ಬರಲಿಲ್ಲ, ಎಲ್ಲವೂ ಕ್ಷೇಮವೆಂದು ಭಾವಿಸುತ್ತೇವೆ.

ಮನೆಯವರೆಲ್ಲ ಲ್ಯಾಪ್‌ಟಾಪ್ ಸುತ್ತ ಸೇರಿದರು. ಇಂಥ ಮೇಲ್ ಅದೇ ರಾತ್ರಿ ಹೋಗಬೇಕು, ಮಾರನೆಯ ದಿನಕ್ಕೆ ಬಿಟ್ಟರೆ ಕ್ಷಮೆಗೂ ಕ್ಷಮೆ ಕೇಳಬೇಕಾಗುತ್ತದೆ ಎನ್ನುವಷ್ಟು ತಿಳಿವಳಿಕೆ ನನಗಿತ್ತು. ಹೊಸ ಮೇಲ್ ಬರೆಯದೆ, ಅವರು ಕಳಿಸಿದ್ದಕ್ಕೇ ‘ರಿಪ್ಲೈ’ ಒತ್ತಿ, ನನ್ನನ್ನು ಕರೆದ ಎಚ್‌ಆರ್ ಹುಡುಗಿಗೇ ಬರೆಯುವುದೆಂದೂ ತೀರ್ಮಾನವಾಯಿತು. ಹಳೆಯ ಸಂಭಾಷಣೆಯ ಕೆಳಗೇ ಕೂತರೆ ಇವಳು ಯಾರು, ಯಾವ ಹುದ್ದೆ ಎಂದು ಅವಳು ಹುಡುಕಬೇಕಾಗಿಲ್ಲ. ಏನು ಬರೆಯುವುದು ಎಂಬಲ್ಲಿ ಮಾತ್ರ ಒಮ್ಮತ ಇರಲಿಲ್ಲ.

ನನ್ನ ಮೊದಲ ಕರಡು ರಜಾ ಚೀಟಿಯೇ. ಜ್ವರದ ಜಾಗದಲ್ಲಿ ಕರೆಂಟು ಹಾಕಿದ್ದೆ. “ಅಮ್ಮ, ನೀನು 8.20ಕ್ಕೆ ಲಾಗಿನ್ ಆಗಿದ್ದು ಅವರಿಗೆ ಗೊತ್ತಾಗತ್ತೆ. ಕರೆಂಟು ಸರಿಯಾಗಿ ಒಂದು ಗಂಟೆ ಹೋಗಿತ್ತಾ?” ಎಂದಳು ಮಗಳು. ಎರಡನೆಯದರಲ್ಲಿ ಅಮೆರಿಕದ ಗಡಿಯಾರ ಪದ್ಧತಿಯ ಅನಾನುಕೂಲಗಳನ್ನು ಸವಿಸ್ತಾರವಾಗಿ ವಿವರಿಸಿದೆ. ಓದಿ ನೋಡಿದರೆ ಕ್ಷಮಿಸಬೇಕಾದವಳು ನಾನು, ತಪ್ಪು ಮಾಡಿದ್ದು ಅವರ ಸಂಸತ್ತು ಎಂಬಂತಿತ್ತು. ನಮ್ಮ ಯಜಮಾನರು ಬ್ಯಾಂಕಿನವರು. “ಸರ್ಕೋ, ನಾನು ಬರೀತೀನಿ” ಎಂದು ಕೂತು, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಂದು ಆರಂಭಿಸಿ, ಅಗತ್ಯ ಕ್ರಮ ಜರುಗಿಸಬೇಕಾಗಿ ಕೋರಿದೆ ಎಂದು ಮುಗಿಸಿದರು. ಅದನ್ನು ಓದಿದರೆ ಬಾಸ್ಟನ್ನಿನಲ್ಲಿ ಯಾರಿಗೋ ಸಾಲ ಮಂಜೂರಾಗುತ್ತಿತ್ತು.

ಈ ಗಲಾಟೆಯ ನಡುವೆ ನನಗೆ ಅಪ್ಪ ನೆನಪಾದರು. ಎಪ್ಪತ್ತರ ದಶಕದಲ್ಲಿ ಅವರಿಗೊಂದು ಸರ್ಕಾರಿ ಸಂದರ್ಶನದ ಕಾರ್ಡು ಬಂದಿತ್ತು. ನಮ್ಮ ಹಳ್ಳಿಗೆ ಅದು ತಲುಪುವ ಹೊತ್ತಿಗೆ ಸಂದರ್ಶನ ಮುಗಿದಿತ್ತು. ಅಪ್ಪ ಇನ್ನೊಂದು ಅವಕಾಶ ಕೇಳಿ ಪತ್ರ ಬರೆದು, ಅಂಚೆ ಮುದ್ರೆಯ ದಿನಾಂಕ ಕಾಣುವಂತೆ ಆ ಕಾರ್ಡನ್ನೂ ಜೊತೆಗಿಟ್ಟು ಕಳಿಸಿದರು. ಉತ್ತರ ಬರಲಿಲ್ಲ. ಅವರ ತಪ್ಪು ಎಳ್ಳಷ್ಟೂ ಇರಲಿಲ್ಲ, ಆದರೂ ಪತ್ರದಲ್ಲಿ ಎರಡು ಸಲ ಕ್ಷಮೆ ಕೇಳಿದ್ದರಂತೆ. ಅಮ್ಮ ಹೇಳುತ್ತಿದ್ದರು. ನನಗಾದರೋ ತಪ್ಪು ನನ್ನದೇ, ಉತ್ತರ ಕೊಡುವವರೂ ಇದ್ದರು. ಕರೆಂಟಿನ ಕರಡನ್ನು ಅಳಿಸಿದೆ. ಕೊನೆಗೆ ಇಂಗ್ಲಿಷಿನಲ್ಲಿ ಬರೆದದ್ದರ ತಾತ್ಪರ್ಯ ಹೀಗಿತ್ತು:

“ಇಂದು ಬೆಳಿಗ್ಗೆ 10ರ ಸಂದರ್ಶನಕ್ಕೆ ನಾನು ಹಾಜರಾಗಲಿಲ್ಲ, ಕ್ಷಮಿಸಿ. ನಿನ್ನೆ ನಿಮ್ಮಲ್ಲಿ ಗಡಿಯಾರ ಬದಲಾದದ್ದನ್ನು ಗಮನಿಸದೆ ಒಂದು ಗಂಟೆ ತಡವಾಗಿ ಬಂದೆ. ನಿಮ್ಮಿಬ್ಬರನ್ನೂ ಕಾಯಿಸಿದ್ದಕ್ಕೆ ಬೇಸರವಾಗಿದೆ. ಈ ಕೆಲಸ ಮಾಡಲು ನನಗೆ ನಿಜವಾಗಿ ಆಸೆಯಿದೆ. ಇನ್ನೊಮ್ಮೆ ಸಮಯ ಕೊಡಲು ಸಾಧ್ಯವಾದರೆ ಬುಧವಾರ ಅಥವಾ ಗುರುವಾರ ನಮ್ಮ ಸಂಜೆ 7.30ರಿಂದ 10.30, ಅಂದರೆ ನಿಮ್ಮ ಬೆಳಿಗ್ಗೆ 9ರಿಂದ 12ರವರೆಗೆ ಯಾವಾಗಲಾದರೂ ಸಿದ್ಧಳಿರುತ್ತೇನೆ. ಆಗದಿದ್ದರೂ ನನಗೆ ಅರ್ಥವಾಗುತ್ತದೆ.”

ಚಿಕ್ಕದಾಗಿತ್ತು, ನಿಜವಾಗಿತ್ತು, ಕಾರಣ ಒಂದೇ ವಾಕ್ಯದಲ್ಲಿ ಮುಗಿದಿತ್ತು. ಎರಡೂ ಊರಿನ ಸಮಯ ಕೊಟ್ಟದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡು ‘ಸೆಂಡ್’ ಒತ್ತಿದೆ. ಒತ್ತಿದ ಬೆರಳು ಇನ್ನೂ ಮೇಲೇಳುವ ಮುಂಚೆಯೇ ಮಗಳು ಕಿರುಚಿದಳು: “ಅಮ್ಮಾ! ಒಂಬತ್ತಲ್ಲ, ಹತ್ತು!”

ಹೌದು. ಗಡಿಯಾರ ಬದಲಾದದ್ದನ್ನು ಗಮನಿಸಲಿಲ್ಲ ಎಂದು ಕ್ಷಮೆ ಕೇಳುವ ಮೇಲ್‌ನಲ್ಲಿ, ಗಡಿಯಾರ ಬದಲಾದದ್ದನ್ನು ಗಮನಿಸದೆ, ಹಳೆಯ ಹತ್ತೂವರೆಯನ್ನೇ ಕಳೆದಿದ್ದೆ.

ಜಿಮೇಲ್ ಬಳಸುವವರಿಗೆ ಗೊತ್ತಿರಬಹುದು, ಕಳಿಸಿದ ಮೇಲ್ ಅನ್ನು ವಾಪಸ್ಸು ಎಳೆಯಲು ‘ಅನ್‌ಡೂ’ ಎಂಬ ಒಂದು ಗುಂಡಿ ಕೆಳಮೂಲೆಯಲ್ಲಿ ಮೂಡುತ್ತದೆ. ಸಾಮಾನ್ಯವಾಗಿ ಅದು ಐದೇ ಸೆಕೆಂಡು ಇರುವುದು. ಸೆಟ್ಟಿಂಗ್ಸ್‌ನಲ್ಲಿ ಹೆಚ್ಚೆಂದರೆ ಮೂವತ್ತಕ್ಕೆ ಏರಿಸಿಕೊಳ್ಳಬಹುದು. ನನ್ನನ್ನು ಬಲ್ಲ ಮಗಳು ಎಂದೋ ಮೂವತ್ತಕ್ಕೆ ಏರಿಸಿಟ್ಟಿದ್ದಳು. ಮೂವತ್ತು ಸೆಕೆಂಡು ಎಷ್ಟು ದೊಡ್ಡದೆಂದು ನನಗೆ ಅಂದು ತಿಳಿಯಿತು. ಮೊದಲ ಕೆಲವು ಸೆಕೆಂಡು “ಹತ್ತು ಹೇಗಾಗತ್ತೆ?” ಎಂದು ವಾದ ಮಾಡಿದೆ. ಯಜಮಾನರು ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ಬ್ಯಾಂಕಿನವರಾದ್ದರಿಂದ ಒಂದು ಸಲ ಕೂಡಿದ್ದನ್ನು ಇನ್ನೊಂದು ಸಲ ತಾಳೆ ನೋಡಿದರು. ಅತ್ತೆ ಮಜ್ಜಿಗೆ ಲೋಟ ತಂದು ನನ್ನ ಮೌಸಿನ ಕೈಗೇ ಕೊಟ್ಟರು, ನಾನು ತಗೊಂಡೆ. “ಅನ್‌ಡೂ ಒತ್ತು!” ಎಂದಳು ಮಗಳು. “ಎಲ್ಲಿದೆ?” ಎಂದೆ. “ಕೆಳಗೆ!” ಎಂದಳು. ನಾನು ಮೇಜಿನ ಕೆಳಗೆ ನೋಡಿದೆ. ನೀವು ನಗಬಹುದು, ಆದರೆ ಅಂಥ ಗಳಿಗೆಯಲ್ಲಿ ಕೆಳಗೆ ಎಂದರೆ ಮನುಷ್ಯರು ಕೆಳಗೇ ನೋಡುತ್ತಾರೆ. ತಲೆ ಎತ್ತುವಾಗ ಮೇಜಿನ ಅಂಚಿಗೆ ಹಣೆ ಬಡಿಯಿತು, ಮಜ್ಜಿಗೆ ಸೀರೆಯ ಮೇಲೆ ಬಿತ್ತು. ಅಷ್ಟರಲ್ಲಿ “ಹತ್ತೇ ಸರಿ ಕಣೇ” ಎಂದು ಯಜಮಾನರ ಲೆಕ್ಕ ಮುಗಿಯಿತು, “ರಾಹುಕಾಲ ಅಂತ ಅವತ್ತೇ ಹೇಳ್ದೆ” ಎಂದು ಅತ್ತೆ ಆರಂಭಿಸಿದರು, ಮಗಳು ನನ್ನ ಮೇಲಿಂದ ಬಾಗಿ, ಕೈ ಚಾಚಿ, ಗುಂಡಿ ಒತ್ತಿಬಿಟ್ಟಳು. ಮೇಲ್ ಮತ್ತೆ ಕರಡಾಗಿ ಪರದೆಯ ಮೇಲೆ ಬಂದು ನಿಂತಿತು. 9ನ್ನು 10 ಮಾಡಿದೆವು, 12ನ್ನು 1 ಮಾಡಿದೆವು. ಎರಡನೇ ಸಲ ‘ಸೆಂಡ್’ ಒತ್ತಿದ್ದೂ ಅವಳೇ.

ಮಾರನೆಯ ದಿನ ಉತ್ತರ ಬಂತು. ಪರವಾಗಿಲ್ಲ, ಗಡಿಯಾರ ಬದಲಾದ ವಾರ ಇದು ಇಲ್ಲೂ ಆಗುತ್ತಿರುತ್ತದೆ, ಗುರುವಾರ ಬೆಳಿಗ್ಗೆ ಹತ್ತೂವರೆಗೆ ಬನ್ನಿ. ಗುರುವಾರ ನಾನು ಅರ್ಧ ಗಂಟೆ ಮುಂಚೆಯೇ ಹೋಗಿ ಕೂತೆ. ಸಂದರ್ಶಕರು ಬಂದದ್ದು ಹನ್ನೆರಡು ನಿಮಿಷ ತಡವಾಗಿ. ಹಿಂದಿನ ಮೀಟಿಂಗ್ ಉದ್ದವಾಯಿತು ಎಂದರು, ಅಷ್ಟೇ, ನೇರ ಪ್ರಶ್ನೆಗೆ ಇಳಿದರು. ಇದಕ್ಕಿಂತ ಮುಂಚೆ ಬೆಂಗಳೂರಿನ ಒಂದು ಕಂಪನಿಯವರಂತೂ ಕರೆ ಮಾಡುತ್ತೇವೆಂದ ದಿನ ಮಾಡದೆ, ಮರುದಿನವೂ ಮಾಡದೆ, ಒಂದು ವಾರದ ಮೇಲೆ ‘ರೀಶೆಡ್ಯೂಲ್ಡ್’ ಎಂಬ ಒಂದೇ ಪದ ಕಳಿಸಿದ್ದರು. ನಾವು ತಪ್ಪಿಸಿಕೊಂಡರೆ ಅದನ್ನೇ ‘ನೋ ಶೋ’ ಎಂದು ಕಡತದಲ್ಲಿ ಬರೆದಿಡುತ್ತಾರೆ. ಕ್ಷಮೆ ಕೇಳುವ ಕೆಲಸ ಪೂರ್ತಿ ಅರ್ಜಿದಾರರಿಗೇ ಬಿಟ್ಟದ್ದು ಎಂದು ಯಾರು ನಿಯಮ ಮಾಡಿದರೋ!

ಆ ಕೆಲಸ ನನಗೆ ಸಿಗಲಿಲ್ಲ. ಅವರಿಗೆ ಬೇಕಿದ್ದ ರಾತ್ರಿ ಪಾಳಿ ನನಗೆ ಒಗ್ಗುವಂತಿರಲಿಲ್ಲ. ಗಡಿಯಾರದ ವಿಷಯವನ್ನು ಸಂದರ್ಶನದಲ್ಲಿ ಯಾರೂ ಎತ್ತಲೇ ಇಲ್ಲ. ನವೆಂಬರ್ ಮೊದಲ ಭಾನುವಾರ ಅವರು ಮುಳ್ಳನ್ನು ಮತ್ತೆ ಹಿಂದಕ್ಕೆ ತಿರುಗಿಸುತ್ತಾರೆ, ಹತ್ತೂವರೆ ವಾಪಸ್ಸು ಬರುತ್ತದೆ. ಆ ವಾರ ಅಮೆರಿಕದ ಕರೆಗೆ ಕಾಯುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಡುಗೆಮನೆಯ ಕ್ಯಾಲೆಂಡರನ್ನು ನಂಬಬೇಡಿ, ಫೋನನ್ನು ಬೀರುವಿನಲ್ಲಿ ಇಡಬೇಡಿ.