ಹೆಸರಿಗೊಂದು ಮತ

"ಸೀನ, ಬರಿ. ಬಂಧುಗಳೇ, ನಮ್ಮ ಕಿರಾಣಿ ಅಂಗಡಿಗೆ ಮೂರು ಹೆಸರು ಆರಿಸಿದ್ದೇವೆ. ಮಂಜುಳಾ ಸ್ಟೋರ್ಸ್, ಅಮ್ಮನ ಅಂಗಡಿ, ರಾಯಲ್ ಮಾರ್ಟ್. ಒಂದಕ್ಕೆ ಗುರುತು ಹಾಕಿ ಭಾನುವಾರದೊಳಗೆ ಕಳಿಸಿ."

"ಮಾವ, ಬೋರ್ಡಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. 2024ರ ಕಾನೂನು."

"ಗೊತ್ತು. ಹಾಗೇ ಬರೆಸಿದ್ದೀನಿ."

"ಬರೆಸಿಯಾಯ್ತಾ? ಮತವೇ ಬಂದಿಲ್ಲ!"

"ಪೇಂಟರ್ ಬಿಡುವಾಗಿದ್ದ ಕಣೋ. ಮತಕ್ಕೆ ಕಾದ್ರೆ ಅವನು ಮದುವೆ ಮನೆ ಕೆಲಸಕ್ಕೆ ಹೋಗ್ತಾನೆ."

"ಮತ್ಯಾಕೆ ಕಾಗದ?"

"ಕೇಳಲಿಲ್ಲ ಅಂದ್ರೆ ಬೇಜಾರು ಮಾಡ್ಕೋತಾರಪ್ಪ."

"ಚಿಕ್ಕಮ್ಮ ಖಂಡಿತ ಅಮ್ಮನ ಅಂಗಡಿಗೇ ಹಾಕ್ತಾರೆ."

"ಹಳೇ ಅಂಗಡೀಲಿ ಉದ್ರಿ ಬಾಕಿ ಇದೆ. ಅವರದು ಅಸಿಂಧು."

"ಬೀಗರು?"

"ಐದು ಲಕ್ಷ ಹಾಕಿದ್ದಾರೆ. ಅವರದನ್ನ ಐದು ಅಂತ ಎಣಿಸು."

"ಮತ ಹಾಕಿದೋರ ಹೆಸರು ಬರೀಬೇಕಾ?"

"ಛೇ, ಗುಪ್ತ ಮತದಾನ! ಕೈಬರಹ ನೋಡಿದ್ರೆ ನಂಗೆ ಗೊತ್ತಾಗುತ್ತೆ."

"ಎಣಿಸೋರು ಯಾರು?"

"ನಿಮ್ಮತ್ತೆ."

"ಅತ್ತೆ ಹೆಸರೂ ಮಂಜುಳಾ ಅಲ್ವಾ ಮಾವ?"

"ಅದು ಕಾಕತಾಳೀಯ ಅಂತ ಕೆಳಗೆ ಸಣ್ಣಕ್ಷರದಲ್ಲಿ ಬರಿ. ಉದ್ಘಾಟನೆ... ಅಲ್ಲ, ಫಲಿತಾಂಶ ಸೋಮವಾರ. ಊಟ ಇದೆ ಅಂತ ಮಾತ್ರ ದಪ್ಪಕ್ಷರದಲ್ಲಿ ಹಾಕು."